ಕಿವಿಗೆ ಜರ್ಮನ್, ಕಣ್ಣಿಗೆ ಇಂಗ್ಲಿಷ್

ಸ್ಟುಟ್‌ಗಾರ್ಟ್‌ನಿಂದ ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ತೆಗೆಯುತ್ತಾರೆ. ಮಾಸ್ಟರ್ಸ್ ಮಾಡಲು ಹೊರಟ ಹುಡುಗರು, ಗಂಡ ಇರುವ ಊರಿಗೆ ಹೋಗಲು ಜರ್ಮನ್‌ನ ಮೊದಲ ಹಂತದ ಎ1 ಪರೀಕ್ಷೆಗೆ ಓದುತ್ತಿರುವ ಹುಡುಗಿಯರು, ಕಂಪನಿ ಕಳಿಸುತ್ತದೆ ಅಂತ ಕಾಯುತ್ತಿರುವ ಎಂಜಿನಿಯರ್‌ಗಳು, ಎಲ್ಲರದ್ದೂ ಒಂದೇ ದೂರು. ನೆಟ್‌ಫ್ಲಿಕ್ಸ್‌ನಲ್ಲಿ ಜರ್ಮನ್ ಆಡಿಯೋ ಹಾಕಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಒಂದು ಸರಣಿಯನ್ನೇ ನೋಡಿ ಮುಗಿಸಿದ್ದೇವೆ, ಆದರೂ ಕಿವಿಗೆ ಏನೂ ಹತ್ತಲಿಲ್ಲ, ಯಾಕೆ? ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಎರಡು ಭಾಷೆಯ ಸಬ್‌ಟೈಟಲ್ ಒಟ್ಟಿಗೆ ತೋರಿಸುವ ಎಕ್ಸ್‌ಟೆನ್ಶನ್ ಹಾಕಿಕೊಂಡಿರುತ್ತಾರೆ. ಅವರದ್ದೂ ಇದೇ ಕಥೆ.

ಇವರು ಸೋಮಾರಿಗಳಲ್ಲ. ಕೆಲಸ ಮುಗಿಸಿ ಬಂದು, ನಿದ್ದೆ ಬಿಟ್ಟು, ಭಾಷೆ ಕಲಿಯಬೇಕು ಅಂತಲೇ ಕೂತು ನೋಡಿದವರು. ಅದಕ್ಕೇ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಸಿನಿಮಾ ನೋಡಿ ಭಾಷೆ ಬರುವುದಿಲ್ಲ ಅಂತ ಹೇಳಿಬಿಟ್ಟರೆ ಅದು ಸುಳ್ಳು. ನಮ್ಮಲ್ಲಿ ತಮಿಳು, ತೆಲುಗು, ಹಿಂದಿಯನ್ನು ಎಷ್ಟು ಜನ ಸಿನಿಮಾದಿಂದಲೇ ಕಲಿತಿಲ್ಲ ಹೇಳಿ. ಆದರೆ ಅವರು ಕಲಿತಾಗ ಪರದೆಯ ಕೆಳಗೆ ಓದಲು ಏನೂ ಇರಲಿಲ್ಲ. ಅಲ್ಲಿಂದಲೇ ಶುರು ಮಾಡಬೇಕು ಅನಿಸುತ್ತದೆ.

ಹಾಸನದಲ್ಲಿ ಒಂದು ಮಧ್ಯಾಹ್ನ

ಹಾಸನದಲ್ಲಿ ಚಿಕ್ಕಮ್ಮನ ಮನೆ. ಚಿಕ್ಕಮ್ಮನ ಮಗಳು ಎ1 ತರಗತಿ ಮುಗಿಸಿದ್ದಳು, ಪರೀಕ್ಷೆ ಹತ್ತಿರ ಇತ್ತು. ಊಟ ಆದ ಮೇಲೆ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೇ ಇಟ್ಟಳು. ಜರ್ಮನಿಯಲ್ಲೇ ತಯಾರಾದ ಒಂದು ಸರಣಿ ಓಡುತ್ತಿತ್ತು. ಕೆಳಗೆ ಎರಡು ಸಾಲು, ಮೇಲಿನದು ಜರ್ಮನ್, ಅದರ ಕೆಳಗೆ ಇಂಗ್ಲಿಷ್. "ಅಕ್ಕ, ಕಥೆ ಎಲ್ಲ ಅರ್ಥ ಆಗುತ್ತೆ. ಭಾಷೆ ಮಾತ್ರ ಒಳಗೆ ಇಳಿಯಲ್ಲ" ಅಂದಳು.

ಒಬ್ಬ ಹೆಂಗಸು ಫೋನಿನಲ್ಲಿ ಏನೋ ಹೇಳಿದಳು. ನಾನು ಅಲ್ಲಿಗೇ ನಿಲ್ಲಿಸಿದೆ. "ಈಗ ಅವಳು ಏನಂದಳು?"

"ಮಗ ಇನ್ನೂ ಮನೆಗೆ ಬಂದಿಲ್ಲ ಅಂತ."

"ಸರಿ. ಜರ್ಮನ್‌ನಲ್ಲಿ ಹೇಳು."

ಸ್ವಲ್ಪ ಹೊತ್ತು ಯೋಚಿಸಿದಳು. "ನಿಷ್ಟ್ ಅಂತ ಏನೋ ಬಂತು ಅಕ್ಕ." ಅಷ್ಟೇ. ಎರಡು ಸಾಲು ಕಣ್ಣ ಮುಂದೆ ಇದ್ದವು, ಅವಳಿಗೆ ಸಿಕ್ಕಿದ್ದು ಒಂದೇ ಪದ. ಮೇಜಿನ ಮೇಲೆ ಯಾರದೋ ಮದುವೆ ಕರೆಯೋಲೆಯ ಕವರ್ ಬಿದ್ದಿತ್ತು. ಅದನ್ನು ಉದ್ದಕ್ಕೆ ಹರಿದು, ಇಂಗ್ಲಿಷ್ ಸಾಲು ಬರುವ ಜಾಗಕ್ಕೆ ಪಟ್ಟಿಯ ಹಾಗೆ ಅಂಟಿಸಿದೆ. ಅದೇ ಮಾತನ್ನು ಮತ್ತೆ ಹಾಕಿದೆ. ಈ ಸಲ ಅವಳು ಪರದೆಗೆ ಇನ್ನಷ್ಟು ಹತ್ತಿರ ಬಂದು ಕೇಳಿಸಿಕೊಂಡಳು. "ಮೈನ್ ಝೋನ್ ಇಸ್ಟ್ ನೊಖ್ ನಿಷ್ಟ್ ತ್ಸು ಹೌಝೆ." ಪೂರ್ತಿ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, "ಇದರಲ್ಲಿ ಒಂದೂ ಹೊಸ ಪದ ಇಲ್ವಲ್ಲ ಅಕ್ಕ, ಎಲ್ಲ ಕ್ಲಾಸಲ್ಲಿ ಬಂದಿದ್ದೇ" ಅಂದಳು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಗೊತ್ತಿಲ್ಲದ ಪದ ಕೇಳಿಸದಿದ್ದರೆ ಅದು ಸಹಜ. ಗೊತ್ತಿರುವ ಪದಗಳೇ ಕೇಳಿಸುತ್ತಿಲ್ಲ ಅಂದರೆ ಗಮನ ಬೇರೆಲ್ಲೋ ಹೋಗಿದೆ ಅಂತ ಅರ್ಥ. ಅವಳ ಗಮನ ಇಂಗ್ಲಿಷ್ ಓದುವುದರಲ್ಲಿ ಮುಗಿದುಹೋಗುತ್ತಿತ್ತು. ನಿಮ್ಮದೂ ಹೀಗೇ ಆಗುತ್ತಿದೆಯಾ ಅಂತ ತಿಳಿಯಬೇಕಾದರೆ ಇದೇ ಪರೀಕ್ಷೆ ಸಾಕು. ಯಾವುದಾದರೂ ಒಂದು ಮಾತು ಮುಗಿದ ತಕ್ಷಣ ನಿಲ್ಲಿಸಿ, ಅದನ್ನು ಆ ಭಾಷೆಯಲ್ಲೇ ಬಾಯಿಬಿಟ್ಟು ಹೇಳಿ ನೋಡಿ. ಅರ್ಥ ಹೇಳಲು ಬಂದು, ಮಾತು ಹೇಳಲು ಬರದಿದ್ದರೆ ನೀವು ಅಷ್ಟು ಹೊತ್ತು ಜರ್ಮನ್ ಕೇಳಿಲ್ಲ, ಇಂಗ್ಲಿಷ್ ಓದಿದ್ದೀರಿ.

ಕಣ್ಣನ್ನು ತಡೆಯಲು ಆಗುವುದಿಲ್ಲ

ಮನಸ್ಸು ಗಟ್ಟಿ ಮಾಡಿ ಕೆಳಗಿನ ಸಾಲು ನೋಡದೇ ಇರುತ್ತೇನೆ ಅಂತ ಕೂತರೂ ಆಗುವುದಿಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ಸಂಶೋಧಕರು ಸಬ್‌ಟೈಟಲ್ ಇರುವ ಚಿತ್ರ ತೋರಿಸಿ ಜನರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ಗಮನಿಸಿದ್ದಾರೆ. ಚಿತ್ರದ ಮಾತು ಪೂರ್ತಿ ಅರ್ಥವಾಗುವವರೂ ಸಬ್‌ಟೈಟಲ್ ಓದುತ್ತಿದ್ದರು. ಸರಾಗವಾಗಿ ಓದಲು ಬರುವ ಲಿಪಿ ಕಣ್ಣೆದುರು ಬಂದರೆ ಕಣ್ಣು ಅಲ್ಲಿಗೆ ತಾನಾಗಿಯೇ ಹೋಗುತ್ತದೆ. ಬಸ್ಸಿನಲ್ಲಿ ಕೂತು ಬೋರ್ಡು ಓದಬಾರದು ಅಂದುಕೊಂಡರೆ ಸಾಧ್ಯವೇ, ಅದೇ ರೀತಿ.

ಇನ್ನೊಂದು ಪ್ರಯೋಗ ಇದಕ್ಕಿಂತ ನೇರವಾಗಿದೆ. 2009ರಲ್ಲಿ ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್ವೀನ್ ಪ್ರಕಟಿಸಿದ್ದು. ನೆದರ್ಲೆಂಡ್ಸ್‌ನ ಜನರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಸ್ಕಾಟ್ಲೆಂಡಿನವರ ಅಥವಾ ಆಸ್ಟ್ರೇಲಿಯಾದವರ ಉಚ್ಚಾರಣೆ ಬಂದರೆ ತಡವರಿಸುತ್ತಾರೆ. ಅಂಥವರಿಗೆ ಆ ಉಚ್ಚಾರಣೆಯ ಚಿತ್ರ ತೋರಿಸಿದರು. ಕೆಲವರಿಗೆ ಇಂಗ್ಲಿಷ್ ಸಬ್‌ಟೈಟಲ್, ಕೆಲವರಿಗೆ ತಮ್ಮದೇ ಡಚ್ ಸಬ್‌ಟೈಟಲ್, ಕೆಲವರಿಗೆ ಏನೂ ಇಲ್ಲ. ಆಮೇಲೆ ತುಣುಕು ತುಣುಕಾಗಿ ಮಾತು ಕೇಳಿಸಿ, ಕೇಳಿದ್ದನ್ನು ತಿರುಗಿ ಹೇಳಿ ಅಂದರು. ಇಂಗ್ಲಿಷ್ ಸಾಲು ಓದಿಕೊಂಡು ನೋಡಿದವರ ಕಿವಿ ಆ ಉಚ್ಚಾರಣೆಗೆ ಹೊಂದಿಕೊಂಡಿತ್ತು. ಮುಂಚೆ ಕೇಳಿರದ ಹೊಸ ಮಾತುಗಳನ್ನೂ ಚೆನ್ನಾಗಿ ಹಿಡಿದರು. ಡಚ್ ಸಾಲು ಓದಿದವರು ಹೊಸ ಮಾತುಗಳಲ್ಲಿ ಏನೂ ಸಬ್‌ಟೈಟಲ್ ಇಲ್ಲದೆ ನೋಡಿದವರಿಗಿಂತ ಹಿಂದೆ ಬಿದ್ದರು. ಅಂದರೆ ಗೊತ್ತಿರುವ ಭಾಷೆಯ ಸಾಲು ಸುಮ್ನೆ ಇರಲಿಲ್ಲ, ಕಿವಿಯ ಕೆಲಸಕ್ಕೆ ಅಡ್ಡ ಬಂದಿತ್ತು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಪ್ರಯೋಗದಲ್ಲಿ ಇದ್ದವರಿಗೆ ಇಂಗ್ಲಿಷ್ ಮೊದಲೇ ಗೊತ್ತಿತ್ತು, ಕಷ್ಟವಿದ್ದದ್ದು ಉಚ್ಚಾರಣೆ ಮಾತ್ರ. ಜರ್ಮನ್ ಅಕ್ಷರ ಓದುವುದೇ ಹೊಸದಾಗಿರುವವರು ಜರ್ಮನ್ ಸಾಲೊಂದನ್ನೇ ಇಟ್ಟುಕೊಂಡು ಕೂತರೆ ಏನೂ ಆಗುವುದಿಲ್ಲ, ಸಾಲು ಓದಿ ಮುಗಿಯುವ ಮೊದಲೇ ಮಾಯವಾಗುತ್ತದೆ. ಎ1 ಆಗುವ ತನಕ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯವರ Nicos Weg ಒಳ್ಳೆಯದು. ಎ1ರಿಂದ ಬಿ1ರ ತನಕ ಇದೆ, ಪೂರ್ತಿ ಉಚಿತ, ಕಲಿಯುವವರಿಗೆಂದೇ ಮಾಡಿದ ಕಥೆ. ಮಾತು ನಿಧಾನ, ಸಬ್‌ಟೈಟಲ್ ಹೇಳಿದ್ದಕ್ಕೆ ಸರಿಯಾಗಿ ಇರುತ್ತದೆ. ಎರಡು ಸಾಲಿನ ಎಕ್ಸ್‌ಟೆನ್ಶನ್ ಪ್ರಯೋಜನಕ್ಕೆ ಬರುವುದು ಅದರ ನಂತರ.

ಹೇಳುವುದೊಂದು, ಬರೆದಿರುವುದೊಂದು

ಇಂಗ್ಲಿಷ್ ಸಾಲು ಮುಚ್ಚಿದರೆ ಎಲ್ಲ ಸರಿಹೋಯಿತು ಅಂತಲ್ಲ. ಚಿಕ್ಕಮ್ಮನ ಮಗಳು ನೋಡುತ್ತಿದ್ದದ್ದು ಜರ್ಮನ್‌ನಲ್ಲೇ ತೆಗೆದ ಸರಣಿ. ಅದಕ್ಕೆ ಪಟ್ಟಿ ಅಂಟಿಸಿದ ತಕ್ಷಣ ಕೆಲಸ ಮಾಡಿತು. ಬಹಳ ಜನ ಮಾಡುವುದು ಹಾಗಲ್ಲ. ತಮಗೆ ಇಷ್ಟವಾದ ಅಮೆರಿಕದ ಸರಣಿ ತೆಗೆದುಕೊಂಡು, ಅದಕ್ಕೆ ಜರ್ಮನ್ ಆಡಿಯೋ ಹಾಕಿ, ಜರ್ಮನ್ ಸಬ್‌ಟೈಟಲ್ ಹಾಕುತ್ತಾರೆ. ಎರಡೂ ಜರ್ಮನ್ ಅಲ್ವಾ, ಹೊಂದಿಕೊಳ್ಳುತ್ತವೆ ಅಂತ ಅಂದುಕೊಳ್ಳುತ್ತಾರೆ. ಹಾಕಿ ನೋಡಿದರೆ ನಟ ಹೇಳುವುದು ಒಂದು, ಕೆಳಗೆ ಬರುವುದು ಇನ್ನೊಂದು. ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ. ಕಿವಿ ಸರಿಯಾಗಿಯೇ ಇರುತ್ತದೆ.

ಇದಕ್ಕೆ ಕಾರಣ ಸರಳ. ಡಬ್ಬಿಂಗ್ ಮಾತು ಬರೆಯುವವರು ಬೇರೆ, ಸಬ್‌ಟೈಟಲ್ ಬರೆಯುವವರು ಬೇರೆ. ಇಬ್ಬರೂ ಇಂಗ್ಲಿಷ್ ಮೂಲದಿಂದಲೇ ಹೊರಡುತ್ತಾರೆ, ಆದರೆ ಒಬ್ಬರದ್ದನ್ನು ಒಬ್ಬರು ನೋಡಿಕೊಂಡು ಬರೆಯುವುದಿಲ್ಲ. ಡಬ್ಬಿಂಗ್‌ನವರಿಗೆ ನಟನ ತುಟಿಯೇ ಮುಖ್ಯ. ಕ್ಲೋಸಪ್‌ನಲ್ಲಿ ತುಟಿ ಮುಚ್ಚಿದ ಜಾಗಕ್ಕೆ ಪ, ಬ, ಮ ಬರುವ ಪದವನ್ನೇ ತರಬೇಕು, ಬಾಯಿ ನಿಂತಾಗ ಮಾತೂ ನಿಲ್ಲಬೇಕು. ಜರ್ಮನಿಯಲ್ಲಿ ಹೊರಗಿನ ಚಿತ್ರಗಳನ್ನೆಲ್ಲ ಡಬ್ ಮಾಡಿಯೇ ತೋರಿಸುವುದು ಹಳೆಯ ರೂಢಿ, ಆ ಕೆಲಸದಲ್ಲಿ ಅವರು ಪಳಗಿದವರು. ಸಬ್‌ಟೈಟಲ್‌ನವರಿಗೆ ತುಟಿಯ ಚಿಂತೆ ಇಲ್ಲ, ಓದುವವರ ವೇಗದ ಚಿಂತೆ. ನೆಟ್‌ಫ್ಲಿಕ್ಸ್‌ನ ಜರ್ಮನ್ ಸಬ್‌ಟೈಟಲ್‌ಗೆ ಎರಡು ಸಾಲು ಮಾತ್ರ, ಸಾಲಿಗೆ 42 ಅಕ್ಷರ, ಸೆಕೆಂಡಿಗೆ 17 ಅಕ್ಷರದ ಆಸುಪಾಸು ಅನ್ನುವ ಮಿತಿ ಇದೆ. ಖಾಲಿ ಜಾಗವೂ ಆ ಲೆಕ್ಕದಲ್ಲೇ ಬರುತ್ತದೆ.

ನಾನೇ ಕಟ್ಟಿದ ಒಂದು ಮಾತು ತೆಗೆದುಕೊಳ್ಳಿ. "ಡಾಸ್ ಕಾನ್ ಡೊಖ್ ನಿಷ್ಟ್ ಡೈನ್ ಎರ್ನ್ಸ್ಟ್ ಝೈನ್, ಇಷ್ ಹಾಬ್ ಡಿಯರ್ ಡಾಸ್ ಗೆಸ್ಟರ್ನ್ ಶೋನ್ ಡ್ರೈಮಾಲ್ ಗೆಝಾಕ್ಟ್!" ಏನೋ, ತಮಾಷೆ ಮಾಡ್ತಿದ್ದೀಯಾ, ನಿನ್ನೆಯೇ ಮೂರು ಸಲ ಹೇಳಿದ್ದೆನಲ್ಲ ಅಂತ ಬೈಯುವುದು. ಜರ್ಮನ್ ಲಿಪಿಯಲ್ಲಿ ಇದು 82 ಅಕ್ಷರ. ಕೋಪದಲ್ಲಿ ಇರುವ ಮನುಷ್ಯ ಮೂರೂವರೆ ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾನೆ. ಅಷ್ಟು ಹೊತ್ತಿಗೆ ಪರದೆಯ ಮೇಲೆ ಹಿಡಿಸುವುದು 60ಕ್ಕಿಂತ ಒಂಚೂರು ಕಡಿಮೆ. ಇಪ್ಪತ್ತಕ್ಕೂ ಹೆಚ್ಚು ಅಕ್ಷರ ಎಲ್ಲಿಯಾದರೂ ಬಿಡಲೇಬೇಕು. ಹಾಗಾಗಿ ಕೆಳಗೆ "ಇಮ್ ಎರ್ನ್ಸ್ಟ್? ಡಾಸ್ ಹಾಬ್ ಇಷ್ ಡಿಯರ್ ಗೆಸ್ಟರ್ನ್ ಶೋನ್ ಗೆಝಾಕ್ಟ್!" ಅಂತ ಬರುತ್ತದೆ. ಅರ್ಥ ಕೆಟ್ಟಿಲ್ಲ. ಆದರೆ ಬಿದ್ದುಹೋದದ್ದು ಏನು ನೋಡಿ. ಡೊಖ್ ಹೋಯಿತು, ಮೂರು ಸಲ ಅನ್ನುವುದು ಹೋಯಿತು, ಮಾತಿನ ಬಿಸಿ ಹೋಯಿತು. ಜರ್ಮನ್ನರು ಮಾತಿನ ನಡುವೆ ಹಾಕುವ ಡೊಖ್, ಹಾಲ್ಟ್, ಮಾಲ್, ಯಾ ಅನ್ನುವ ಚಿಕ್ಕ ಚಿಕ್ಕ ಪದಗಳು ಮೊದಲು ಕತ್ತರಿಗೆ ಸಿಗುತ್ತವೆ, ಯಾಕೆಂದರೆ ಅವಿಲ್ಲದೆಯೂ ಕಥೆ ತಿಳಿಯುತ್ತದೆ. ಮನೆಯಲ್ಲಿ, ಆಫೀಸಿನಲ್ಲಿ ಜನ ದಿನವಿಡೀ ಹೇಳುವುದು ಮಾತ್ರ ಅವನ್ನೇ.

ಹೊಂದುವ ಜೋಡಿ ಹೇಗೆ ಹುಡುಕುವುದು? ಕಂಪ್ಯೂಟರ್‌ನಲ್ಲಿ ನೆಟ್‌ಫ್ಲಿಕ್ಸ್ ತೆರೆದರೆ Browse by Languages ಅಂತ ಇದೆ. ಅದರಲ್ಲಿ Original Language ಆರಿಸಿ, ಜರ್ಮನ್ ಕೊಡಿ. ಜರ್ಮನ್‌ನಲ್ಲೇ ತೆಗೆದದ್ದು ಮಾತ್ರ ಬರುತ್ತದೆ. Dubbing ಆರಿಸಿದರೆ ಸಾಗರದಷ್ಟು ಬರುತ್ತದೆ, ಅದರ ಮಾತು ಆಮೇಲೆ ಹೇಳುತ್ತೇನೆ. ಸಬ್‌ಟೈಟಲ್ ಪಟ್ಟಿಯಲ್ಲಿ ಬರೀ German ಅಂತ ಇರುವುದಕ್ಕಿಂತ German ಪಕ್ಕದಲ್ಲಿ CC ಅಂತ ಇರುವುದನ್ನು ಆರಿಸಿ. ಅದು ಕಿವಿ ಕೇಳದವರಿಗಾಗಿ ಮಾಡಿದ್ದು. ಬಾಗಿಲು ಕಿರುಗುಟ್ಟಿತು, ಫೋನ್ ರಿಂಗಾಯಿತು ಅಂತೆಲ್ಲ ಆವರಣದಲ್ಲಿ ಬರೆದಿರುತ್ತಾರೆ. ಮೂಲ ಜರ್ಮನ್ ಸರಣಿಗಳಲ್ಲಿ ಈ ಸಾಲು ಹೇಳಿದ ಮಾತಿಗೆ ತೀರಾ ಹತ್ತಿರ ಇರುತ್ತದೆ. ಜರ್ಮನಿಯಲ್ಲಿ ಇರುವವರಿಗೆ ಎಆರ್‌ಡಿ, ಜೆಡ್‌ಡಿಎಫ್ ವಾಹಿನಿಗಳ ಮೀಡಿಯಾಥೆಕ್ ಅನ್ನುವ ಆನ್‌ಲೈನ್ ಸಂಗ್ರಹ ಕೂಡ ಇದೆ, ಅಲ್ಲಿ ಈ ಸಾಲಿಗೆ UT ಅನ್ನುತ್ತಾರೆ. ಭಾರತದಿಂದ ನೋಡಿದರೆ ಅದರಲ್ಲಿ ಕೆಲವು ಕಾರ್ಯಕ್ರಮ ತೆರೆದುಕೊಳ್ಳುವುದಿಲ್ಲ. ಇನ್ನು ನಿಮ್ಮ ಪಟ್ಟಿಯಲ್ಲಿ ಜರ್ಮನ್ ಆಡಿಯೋ, ಸಬ್‌ಟೈಟಲ್ ಕಾಣಿಸದಿದ್ದರೆ ಪ್ರೊಫೈಲ್‌ನ ಭಾಷೆಯನ್ನು Deutsch ಮಾಡಿ ನೋಡಿ. ಕೆಲವು ಸಲ ಎಲ್ಲ ಭಾಷೆಯನ್ನೂ ತೋರಿಸದೆ, ನಮ್ಮ ಊರು ಮತ್ತು ಪ್ರೊಫೈಲ್ ನೋಡಿಕೊಂಡು ಆರಿಸುತ್ತಾರೆ. ಇದಕ್ಕಾಗಿ ಬೇರೆ ಪ್ರೊಫೈಲ್ ಮಾಡಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಮನೆಯವರೆಲ್ಲ ಬೈಯುತ್ತಾರೆ.

ಶುರು ಮಾಡುವ ಮುಂಚೆ ಎರಡು ನಿಮಿಷ ಕೇಳಿ. ಸಾಲು ಮತ್ತು ಮಾತು ಬೇರೆ ಬೇರೆ ದಾರಿ ಹಿಡಿದಿವೆಯಾ ಅಂತ ಜರ್ಮನ್ ಅಷ್ಟಾಗಿ ಬರದವರಿಗೂ ಗೊತ್ತಾಗುತ್ತದೆ. ಸಾಲಿನ ಕೊನೆಯ ಪದದ ಮೇಲೆ ಕಣ್ಣಿಡಿ. ಮಾತಿನ ಕೊನೆಗೆ ಅದೇ ಪದ ಕೇಳಿಸಬೇಕು. ಸತತವಾಗಿ ನಾಲ್ಕೈದು ಸಾಲಿನಲ್ಲಿ ಕೇಳಿಸದಿದ್ದರೆ ಆ ಜೋಡಿ ಬಿಟ್ಟುಬಿಡಿ.

ನಾಲ್ಕು ನಿಮಿಷದ ದೃಶ್ಯ

ಎರಡು ಸಾಲು ತೋರಿಸುವುದಕ್ಕೆ ನಾನು ಬಳಸುವುದು Language Reactor. ಕ್ರೋಮ್ ಬ್ರೌಸರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್ ಅದು, ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್‌ನಲ್ಲಿ ಕೆಲಸ ಮಾಡುತ್ತದೆ, ಕಂಪ್ಯೂಟರ್ ಬೇಕು. ಫೋನಿನ, ಟಿವಿಯ ನೆಟ್‌ಫ್ಲಿಕ್ಸ್ ಆ್ಯಪ್‌ನಲ್ಲಿ ಒಂದೇ ಸಾಲು. ಈ ಎಕ್ಸ್‌ಟೆನ್ಶನ್‌ನ ನಿಜವಾದ ಬೆಲೆ ಇರುವುದು ಎರಡು ಸಾಲಿನಲ್ಲಿ ಅಲ್ಲ, ಕೀಬೋರ್ಡಿನಲ್ಲಿ. A ಒತ್ತಿದರೆ ಹಿಂದಿನ ಮಾತು, S ಒತ್ತಿದರೆ ಇದೇ ಮಾತು ಮತ್ತೆ, D ಒತ್ತಿದರೆ ಮುಂದಿನದು. Q ಒತ್ತಿದರೆ ಪ್ರತಿ ಮಾತಿನ ಕೊನೆಗೆ ತಾನಾಗಿಯೇ ನಿಲ್ಲುತ್ತದೆ. ಹತ್ತು ಸೆಕೆಂಡ್ ಹಿಂದೆ ಹೋಗಿ, ಮತ್ತೆ ಮಾತು ಎಲ್ಲಿತ್ತು ಅಂತ ಹುಡುಕುವ ಕಾಟ ಇಲ್ಲ.

ಆವತ್ತು ಹಾಸನದಲ್ಲಿ ನಾವು ಮಾಡಿದ್ದು ಹೀಗೆ. ಅಡುಗೆಮನೆಯಲ್ಲಿ ಗಂಡ ಹೆಂಡತಿ ಮಾತಾಡುವ ನಾಲ್ಕು ನಿಮಿಷದ ದೃಶ್ಯ ಆರಿಸಿಕೊಂಡೆವು. ಓಡುವ ದೃಶ್ಯ, ಗುಂಡು ಹಾರಿಸುವ ದೃಶ್ಯ ಬೇಡ, ಅಲ್ಲಿ ಮಾತೂ ಕಡಿಮೆ, ಸದ್ದೂ ಜಾಸ್ತಿ. ಮೊದಲು ಒಂದು ಸಲ ಇಂಗ್ಲಿಷ್ ಸಾಲು ಇಟ್ಟುಕೊಂಡು ಆರಾಮಾಗಿ ನೋಡಿದೆವು, ಕಥೆ ತಿಳಿಯಲಿ ಅಂತ. ಇಂಗ್ಲಿಷಿನ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಮೇಲೆ ಎರಡೂ ಸಾಲು ಮುಚ್ಚಿ, ಒಂದೊಂದೇ ಮಾತು. ಕೇಳುವುದು, S ಒತ್ತಿ ಇನ್ನೊಮ್ಮೆ ಕೇಳುವುದು, ಕೇಳಿದ್ದಷ್ಟನ್ನು ಬಾಯಲ್ಲಿ ಹೇಳುವುದು. ಅದಾದ ಮೇಲೆ ಜರ್ಮನ್ ಸಾಲು ತೆರೆದು ನೋಡುವುದು. ಬಹಳ ಸಲ ಅಲ್ಲೇ "ಓ, ಇದಾ" ಅಂತ ಬರುತ್ತದೆ. ಆ "ಓ, ಇದಾ" ಬರುವ ಕ್ಷಣದಲ್ಲೇ ಕಲಿಕೆ ನಡೆಯುವುದು, ಅದನ್ನು ಇಂಗ್ಲಿಷ್ ಸಾಲು ಮೊದಲೇ ಬಂದು ಕಿತ್ತುಕೊಳ್ಳಬಾರದು. ಜರ್ಮನ್ ಓದಿದರೂ ಅರ್ಥವಾಗದಿದ್ದರೆ ಮಾತ್ರ ಪಟ್ಟಿ ಎತ್ತಿ ಇಂಗ್ಲಿಷ್ ನೋಡುವುದು. ಮತ್ತೆ ಪಟ್ಟಿ ಮುಚ್ಚಿ, ಅದೇ ಮಾತು ಇನ್ನೊಂದು ಸಲ ಕೇಳಿ ಮುಂದಕ್ಕೆ. ಕೊನೆಗೆ ಇಡೀ ದೃಶ್ಯ ಯಾವ ಸಾಲೂ ಇಲ್ಲದೆ.

ನಾಲ್ಕು ನಿಮಿಷಕ್ಕೆ ಅರ್ಧ ಗಂಟೆಗೂ ಮೇಲೆ ಹಿಡಿಯಿತು. ಚಿಕ್ಕಮ್ಮ ಕಾಫಿ ತಂದಿಟ್ಟು, "ಇದೇನ್ರೇ, ಒಂದೇ ಮಾತನ್ನ ಎಷ್ಟು ಸಲ ಕೇಳ್ತೀರಾ" ಅಂದರು. ದಿನಕ್ಕೆ ಇಂಥ ಒಂದು ದೃಶ್ಯಕ್ಕಿಂತ ಹೆಚ್ಚು ಮಾಡಲು ನನಗಂತೂ ಆಗುವುದಿಲ್ಲ, ತಲೆ ದಣಿಯುತ್ತದೆ. ಉಳಿದ ಎಪಿಸೋಡನ್ನು ಇಂಗ್ಲಿಷ್ ಇಟ್ಟುಕೊಂಡು ಸುಮ್ನೆ ಕಥೆಗಾಗಿ ನೋಡಿ, ತಪ್ಪೇನಿಲ್ಲ. ಜರ್ಮನ್ ಸಾಲು ಓದಿದ ಮೇಲೂ ಹತ್ತರಲ್ಲಿ ನಾಲ್ಕೈದು ಮಾತು ತಿಳಿಯದಿದ್ದರೆ ಆ ಸರಣಿ ಈಗಲೇ ಬೇಡ. ಡಾರ್ಕ್ ಹೆಸರು ಎಲ್ಲರೂ ಹೇಳುತ್ತಾರೆ. 2017ರಿಂದ 2020ರವರೆಗೆ ಬಂದ ಮೂಲ ಜರ್ಮನ್ ಸರಣಿ, ಜೋಡಿ ಹೊಂದುತ್ತದೆ. ಆದರೆ ಅಲ್ಲಿ ಪಿಸುಮಾತು ಜಾಸ್ತಿ, ಕಥೆಯೇ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಎ2 ದಾಟಿದ ಮೇಲೆ ಇಟ್ಟುಕೊಳ್ಳಿ.

ಇಂಗ್ಲಿಷಿಗಿಂತ ಕನ್ನಡ ಹತ್ತಿರ ಬರುವ ಜಾಗ

ಇದನ್ನು ನಾನು ಯಾವ ತರಗತಿಯಲ್ಲೂ ಕೇಳಲಿಲ್ಲ, ಎಲ್ಲ ಕಡೆ ಇಂಗ್ಲಿಷ್ ಮೂಲಕವೇ ಕಲಿಸುತ್ತಾರೆ. ಜರ್ಮನ್‌ನಲ್ಲಿ ಒಂದು ವಾಕ್ಯದೊಳಗೆ ಇನ್ನೊಂದು ಬಂದಾಗ ಒಳಗಿನ ವಾಕ್ಯದ ಕ್ರಿಯಾಪದ ಕೊನೆಗೆ ಹೋಗುತ್ತದೆ. "ಇಷ್ ವೈಸ್ ನಿಷ್ಟ್, ಒಪ್ ಏರ್ ಹೊಯ್ಟೆ ಕೊಮ್ಟ್." ಅವನು ಇವತ್ತು ಬರುತ್ತಾನೋ ಇಲ್ಲವೋ ಗೊತ್ತಿಲ್ಲ ಅಂತ. ಅದರೊಳಗಿನ "ಏರ್ ಹೊಯ್ಟೆ ಕೊಮ್ಟ್" ನೋಡಿ. ಅವನು, ಇವತ್ತು, ಬರುತ್ತಾನೆ. ಪದಗಳ ಕ್ರಮ ನಮ್ಮದೇ. ಇಂಗ್ಲಿಷಿನಲ್ಲಿ ಬರುವುದು ಮೊದಲು, ಇವತ್ತು ಆಮೇಲೆ. ಎರಡು ಸಾಲು ಒಂದರ ಕೆಳಗೊಂದು ಇಟ್ಟು ಪದಕ್ಕೆ ಪದ ಹೊಂದಿಸಲು ಹೋದರೆ, ಇಂಗ್ಲಿಷ್ ಸಾಲಿನ ಜೊತೆ ಗೆರೆಗಳು ಅಡ್ಡಾದಿಡ್ಡಿ ಹೋಗುತ್ತವೆ. ಸಿನಿಮಾದಲ್ಲಿ ಜನ ಮಾತಾಡುವಾಗ ಇಂಥ ವಾಕ್ಯ ಹೆಜ್ಜೆಹೆಜ್ಜೆಗೂ ಬರುತ್ತವೆ, ಯಾಕೆಂದರೆ, ಆಗ, ಅಂದರೆ ಅಂತ ಸೇರಿಸಿಕೊಂಡೇ ನಾವು ಮಾತಾಡುವುದು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆಯುವಾಗ ಜರ್ಮನ್ ಸಾಲಿನ ಕೆಳಗೆ ಇಂಗ್ಲಿಷ್ ಬೇಡ, ಕನ್ನಡ ಬರೆಯಿರಿ, ಅದೂ ಆಡುಮಾತಿನ ಕನ್ನಡ. ಕೊನೆಯ ಪದ ಬರುವವರೆಗೂ ಕಾಯುವುದು ಕನ್ನಡದವರಿಗೆ ಹೊಸದಲ್ಲ. ಇಂಗ್ಲಿಷ್ ಮಾತ್ರ ಬರುವವರಿಗೆ ಜರ್ಮನ್ ಕೇಳುವಾಗ ಉಸಿರು ಕಟ್ಟುವುದೇ ಅಲ್ಲಿ.

ಇಲ್ಲಿ ಒಂದು ಗುಂಡಿ ಇದೆ, ಹೇಳದಿದ್ದರೆ ಬಿದ್ದೇ ಬೀಳುತ್ತೀರಿ. ಸಾಲಿನ ಯಾವುದೇ ಪದದ ಮೇಲೆ ಮೌಸ್ ಇಟ್ಟರೆ ಎಕ್ಸ್‌ಟೆನ್ಶನ್ ಅರ್ಥ ತೋರಿಸುತ್ತದೆ. "ಇಷ್ ರೂಫೆ ಡಿಷ್ ಮೋರ್ಗೆನ್ ಆನ್" ಅನ್ನುವ ಮಾತಿನಲ್ಲಿ ರೂಫೆ ಮೇಲೆ ಇಟ್ಟರೆ ಕೂಗುವುದು ಅಂತ ಬರಬಹುದು. ಆದರೆ ಹೇಳುತ್ತಿರುವುದು ನಾಳೆ ನಿನಗೆ ಫೋನ್ ಮಾಡುತ್ತೇನೆ ಅಂತ. ಆ ಕ್ರಿಯಾಪದದ ಇನ್ನೊಂದು ತುಂಡು ವಾಕ್ಯದ ಕೊನೆಯಲ್ಲಿರುವ ಆನ್. ವಾಕ್ಯ ಉದ್ದವಾದರೆ ಆ ಆನ್ ಮುಂದಿನ ಸಬ್‌ಟೈಟಲ್‌ಗೇ ಹೋಗಿಬಿಡುತ್ತದೆ, ಆಗ ಮಾತಿಗೊಮ್ಮೆ ನಿಲ್ಲುವ ವ್ಯವಸ್ಥೆಯೂ ಕೈಕೊಡುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ತೋರಿಸಿದ ಅರ್ಥ ದೃಶ್ಯಕ್ಕೆ ಹೊಂದುತ್ತಿಲ್ಲ ಅನಿಸಿದರೆ ಸಾಲಿನ ಕೊನೆಯಲ್ಲಿ ಆನ್, ಔಫ್, ಔಸ್, ಮಿಟ್ ಇದೆಯಾ ಅಂತ ನೋಡಿ. ಇದ್ದರೆ ಅದನ್ನು ಕ್ರಿಯಾಪದದ ಆರಂಭಕ್ಕೆ ಅಂಟಿಸಿ, ಒಂದೇ ಪದವಾಗಿ ಡಿಕ್ಷನರಿಯಲ್ಲಿ ಹುಡುಕಿ.

ಡಬ್ ಆದದ್ದು ಯಾವುದಕ್ಕೆ

ಹಾಗಾದರೆ ಡಬ್ ಆದ ಸರಣಿ ದಂಡವಾ? ಇಲ್ಲ. ಸಬ್‌ಟೈಟಲ್ ಪೂರ್ತಿ ತೆಗೆದು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಡಬ್ಬಿಂಗ್ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಹೇಳಿದ ಮಾತು ಅದು. ಗಾಳಿ ಇಲ್ಲ, ಗೊಣಗಾಟ ಇಲ್ಲ, ಉಚ್ಚಾರಣೆ ಶುದ್ಧ. ಮೂಲ ಜರ್ಮನ್ ಸರಣಿಯಲ್ಲಿ ಜನ ತುಟಿಯೊಳಗೇ ಮಾತಾಡುತ್ತಾರೆ. ಅದರ ಮೇಲೆ, ನೀವು ಇಂಗ್ಲಿಷಿನಲ್ಲಿ ಎರಡು ಮೂರು ಸಲ ನೋಡಿರುವ ಸರಣಿಯಾದರೆ ಯಾರು ಯಾವಾಗ ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತು. ಕಥೆ ಗೊತ್ತಿರುವುದರಿಂದ ಓದುವ ಆಸೆ ಆಗುವುದಿಲ್ಲ, ಕಿವಿಗೆ ಪೂರ್ತಿ ಬಿಡುವು. ನಾನು ಈಗಲೂ ತರಕಾರಿ ಹೆಚ್ಚುವಾಗ ಹಾಗೆ ಹಾಕಿಕೊಳ್ಳುತ್ತೇನೆ. ಮೂಲ ಜರ್ಮನ್ ಸರಣಿಗೆ ಜರ್ಮನ್ ಸಾಲು, ಡಬ್ ಆದದ್ದಕ್ಕೆ ಯಾವ ಸಾಲೂ ಬೇಡ. ಇಷ್ಟು ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಇದರ ಮಿತಿ ನಮ್ಮ ಬೀದಿಯ ಬೇಕರಿಯಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಬ್ರೆಡ್ ಕವರಿಗೆ ಹಾಕುತ್ತಲೇ ಕೌಂಟರಿನ ಹೆಂಗಸು ತಲೆ ಎತ್ತದೆ "ದಾರ್ಫ್ಸ್ ಸೊನ್ಸ್ ನೊಖ್ ವಸ್ ಝೈನ್" ಅನ್ನುತ್ತಾಳೆ. ಇನ್ನೇನಾದರೂ ಬೇಕಾ ಅಂತ. ಐದಾರು ಪದ ಒಂದಕ್ಕೊಂದು ಅಂಟಿಕೊಂಡು ಒಂದೇ ಉಸಿರಿನಲ್ಲಿ ಬರುತ್ತವೆ. ಇದಕ್ಕೆ ಕಿವಿ ತಯಾರಾಗುವುದು ಮೂಲ ಸರಣಿಯ ಅಡುಗೆಮನೆ ದೃಶ್ಯಗಳಿಂದ, ಡಬ್ಬಿಂಗ್‌ನಿಂದ ಅಲ್ಲ. ಅದರ ಮೇಲೆ ಸ್ಟುಟ್‌ಗಾರ್ಟ್ ಸುತ್ತಮುತ್ತ ಶ್ವಾಬಿಷ್ ಅನ್ನುವ ಅಲ್ಲಿನ ಆಡುನುಡಿಯಲ್ಲಿ ಮಾತಾಡುವ ಹಳಬರು ಸಿಕ್ಕರೆ, ಅದು ಮಂಗಳೂರಿನ ಕನ್ನಡ ಕಲಿತವರು ಧಾರವಾಡಕ್ಕೆ ಹೋದಂತಲ್ಲ, ಇನ್ನೂ ದೂರ. ಅದನ್ನು ಯಾವ ಆ್ಯಪ್‌ನ ಆಡಿಯೋ ಪಟ್ಟಿಯಲ್ಲೂ ಹುಡುಕಬೇಡಿ. ಪಕ್ಕದ ಮನೆಯ ಅಜ್ಜಿಯ ಜೊತೆ ಮಾತಾಡಿಯೇ ಬರಬೇಕು.

ಕನ್ನಡ ಕಲಿಯಲು ಬಂದವರಿಗೆ

ಇದೇ ದಾರಿಯಲ್ಲಿ ಕನ್ನಡ ಕಲಿಯಲು ಹೊರಟವರನ್ನೂ ನೋಡಿದ್ದೇನೆ. ನನ್ನ ಆಫೀಸಿನ ಒಬ್ಬ ಜರ್ಮನ್ ಹುಡುಗ ಬೆಂಗಳೂರಿನ ಹುಡುಗಿಯನ್ನು ಮದುವೆಯಾಗಿದ್ದಾನೆ, ಅತ್ತೆ ಮಾವನ ಜೊತೆ ಕನ್ನಡದಲ್ಲಿ ಮಾತಾಡಬೇಕು ಅಂತ ಅವನ ಆಸೆ. ಅಕ್ಷರ ಕಲಿತ, ನಿಧಾನಕ್ಕೆ ಓದುತ್ತಾನೆ. ಮೇಲೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿಕೊಡಲು ಕೂತಾಗ ಮೊದಲ ಹೆಜ್ಜೆಯಲ್ಲೇ ನಿಂತೆವು. ಕನ್ನಡ ಸಿನಿಮಾ ಬೇಕಾದಷ್ಟು ಸಿಗುತ್ತವೆ, ಕೆಳಗೆ ಇಂಗ್ಲಿಷ್ ಸಾಲೂ ಇರುತ್ತದೆ. ಕನ್ನಡ ಮಾತಿಗೆ ಕನ್ನಡದ್ದೇ ಸಾಲು ಹುಡುಕಿದರೆ ಸಿಗುವುದು ತೀರಾ ಅಪರೂಪ. ಅಂದರೆ ಕಿವಿಗೆ ಅಡ್ಡ ಬರುವ ಸಾಲು ಇದೆ, ಕಿವಿಗೆ ಕೈ ಹಿಡಿಯುವ ಸಾಲು ಇಲ್ಲ.

ನಮ್ಮ ದೇಶಕ್ಕೆ ಇದು ಹೊಸ ವಿಚಾರವೇನಲ್ಲ. ದೂರದರ್ಶನದ ಚಿತ್ರಹಾರ್‌ನಲ್ಲಿ ಹಿಂದಿ ಹಾಡಿನ ಕೆಳಗೆ ಹಿಂದಿಯದೇ ಸಾಲು ಬಂದು, ಹಾಡಿದ ಹಾಗೆ ಬಣ್ಣ ಬದಲಾಗುತ್ತಿತ್ತಲ್ಲ, ಅದು 1996ರಲ್ಲಿ ಅಹಮದಾಬಾದ್‌ನ ಐಐಎಂನಲ್ಲಿ ಬ್ರಿಜ್ ಕೊಠಾರಿ ಶುರು ಮಾಡಿದ ಕೆಲಸದ ಫಲ. ಅರ್ಧಂಬರ್ಧ ಓದಲು ಬರುವವರಿಗೆ ಓದು ಗಟ್ಟಿಯಾಗಲಿ ಅನ್ನುವುದು ಅವರ ಉದ್ದೇಶ. ಕನ್ನಡ ಸಿನಿಮಾಕ್ಕೆ ಕನ್ನಡ ಸಾಲು ಹಾಕಿದರೆ ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೂ ಆಯಿತು, ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೂ ಆಯಿತು, ಕಿವಿ ಕೇಳದವರಿಗೂ ಆಯಿತು. ನನ್ನ ಪರಿಚಯದ ಒಬ್ಬರು ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುತ್ತಾರೆ. ಅವರನ್ನು ಕೇಳಿದಾಗ, ಬರೆಯಲು ಕೂತಾಗ ತಮ್ಮ ಕೈಗೆ ಮೊದಲು ಬರುವುದೇ ಕನ್ನಡದ ಡೈಲಾಗ್ ಶೀಟ್ ಅಂದರು. ಪ್ರತಿ ಮಾತು ಎಷ್ಟು ಸೆಕೆಂಡಿಗೆ ಶುರು, ಎಷ್ಟಕ್ಕೆ ಕೊನೆ ಅನ್ನುವ ಲೆಕ್ಕವನ್ನು ಇಂಗ್ಲಿಷ್ ಸಾಲಿಗಾಗಿ ಹೇಗೂ ಹಾಕುತ್ತಾರೆ. ಅದೇ ಲೆಕ್ಕಕ್ಕೆ ಕನ್ನಡದ ಮಾತನ್ನು ಕೂರಿಸಿ, ಸೆಟ್‌ನಲ್ಲಿ ನಟರು ಬದಲಿಸಿ ಹೇಳಿದ್ದನ್ನು ಕೇಳಿ ತಿದ್ದಿ, ಇನ್ನೊಂದು ಫೈಲ್ ಮಾಡಿ ಕೊಟ್ಟರೆ ಆಯಿತು. ಕೇಳುವವರಿದ್ದರೆ ಮಾಡಿಕೊಡುತ್ತೇನೆ, ಇಲ್ಲಿಯವರೆಗೆ ಯಾವ ನಿರ್ಮಾಪಕರೂ ಕೇಳಿಲ್ಲ ಅಂದರು.